ಆರ್ಥೋಕೆರಟಾಲಜಿ: ಮಕ್ಕಳ ಸಮೀಪದೃಷ್ಟಿಗೆ ರಾತ್ರಿಯ ಲೆನ್ಸ್

ಮಲಗುವ ಮುನ್ನ ಕಣ್ಣಿಗೆ ಹಾಕಿಕೊಂಡು ಬೆಳಿಗ್ಗೆ ಎದ್ದಮೇಲೆ ತೆಗೆಯುವ ಗಡಸು ಲೆನ್ಸ್‌ನಿಂದ ಕಾರ್ನಿಯಾದ ಬಾಗನ್ನು ತಾತ್ಕಾಲಿಕವಾಗಿ ಬದಲಿಸುವ ಚಿಕಿತ್ಸೆಗೆ ಆರ್ಥೋಕೆರಟಾಲಜಿ ಎಂದು ಹೆಸರು. ಕಣ್ಣಿನ ಆಸ್ಪತ್ರೆಗಳಲ್ಲಿ ಇದನ್ನು ಚಿಕ್ಕದಾಗಿ ಆರ್ಥೋ-ಕೆ ಎನ್ನುತ್ತಾರೆ. ಕಾರ್ನಿಯಾ ಎಂದರೆ ಕಣ್ಣಿನ ಕರಿಯ ಭಾಗದ ಮುಂದಿರುವ ಪಾರದರ್ಶಕ ಪರದೆ. ಸಮೀಪದೃಷ್ಟಿ ಇರುವ ಮಗುವಿನ ಕಣ್ಣು ಹಿಂದಕ್ಕೆ ಉದ್ದವಾಗಿ ಬೆಳೆದಿರುವುದರಿಂದ ದೂರದ ಬೆಳಕು ರೆಟಿನಾಕ್ಕಿಂತ ಮುಂಚೆಯೇ ಒಂದುಗೂಡುತ್ತದೆ, ಕಪ್ಪುಹಲಗೆ ಮಬ್ಬಾಗುತ್ತದೆ. ರಾತ್ರಿಯ ಲೆನ್ಸ್ ಕಾರ್ನಿಯಾದ ನಡುಭಾಗವನ್ನು ಕೊಂಚ ಚಪ್ಪಟೆ ಮಾಡುವುದರಿಂದ ಮಗು ಮರುದಿನ ಕನ್ನಡಕವಿಲ್ಲದೆ ಶಾಲೆಗೆ ಹೋಗಬಹುದು. ಆದರೆ ಕಣ್ಣು ಉದ್ದವಾಗಿಯೇ ಇರುತ್ತದೆ. ಲೆನ್ಸ್ ಬಿಟ್ಟರೆ ಕಾರ್ನಿಯಾ ಕೆಲವೇ ದಿನಗಳಲ್ಲಿ ಮೊದಲಿನ ಆಕಾರಕ್ಕೆ ಮರಳುತ್ತದೆ, ಮಬ್ಬೂ ಮರಳುತ್ತದೆ. ಹಾಗಾಗಿ ಇದನ್ನು ಪವರ್ ಹೋಗಲಾಡಿಸುವ ಚಿಕಿತ್ಸೆ ಎಂದು ಹೇಳುವುದು ತಪ್ಪು. ಇಂದು ಮಕ್ಕಳಿಗೆ ಇದನ್ನು ಕೊಡುವುದರ ಮುಖ್ಯ ಕಾರಣ ಬೇರೆ: ಕಣ್ಣು ಇನ್ನೂ ಉದ್ದವಾಗುತ್ತ ಹೋಗುವ ವೇಗವನ್ನು ಇದು ತಗ್ಗಿಸುತ್ತದೆ.

ಅಮೆರಿಕದ ಜಾರ್ಜ್ ಜೆಸ್ಸೆನ್ 1962ರಲ್ಲಿ ಚಪ್ಪಟೆ ಲೆನ್ಸ್‌ಗಳಿಂದ ಕಾರ್ನಿಯಾವನ್ನು ತಿದ್ದುವ ವಿಧಾನವನ್ನು ವಿವರಿಸಿದರು. ಆ ಕಾಲದ ಲೆನ್ಸ್‌ಗಳು ಆಮ್ಲಜನಕ ಹಾಯದ ಪ್ಲಾಸ್ಟಿಕ್‌ನವು. ಅವನ್ನು ಹಗಲಲ್ಲಿ ಹಾಕಬೇಕಿತ್ತು, ಕಣ್ಣಿನ ನಡುವೆ ನಿಲ್ಲದೆ ಅವು ಜಾರುತ್ತಿದ್ದವು. ನಡುಭಾಗ ಚಪ್ಪಟೆಯಾಗಿದ್ದು ಅದರ ಸುತ್ತ ಕಡಿದಾದ ಬಳೆಯಿರುವ ವಿಲೋಮ ರಚನೆಯ ಲೆನ್ಸ್ 1980ರ ದಶಕದ ಕೊನೆಗೆ ಬಂದ ಮೇಲೆ ಜಾರುವಿಕೆ ಹಿಡಿತಕ್ಕೆ ಬಂತು. ಆಮ್ಲಜನಕ ಚೆನ್ನಾಗಿ ಹಾಯುವ ವಸ್ತುಗಳು ಬಂದದ್ದರಿಂದ ನಿದ್ದೆಯಲ್ಲಿ ಧರಿಸುವುದೂ ಸಾಧ್ಯವಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ರಾತ್ರಿ ಧರಿಸುವ ಇಂಥ ಲೆನ್ಸ್‌ಗೆ 2002ರಲ್ಲಿ ಒಪ್ಪಿಗೆ ಕೊಟ್ಟಿತು.

ಲೆನ್ಸ್‌ನ ಕೆಳಗೆ ನಡೆಯುವುದೇನು

ಲೆನ್ಸ್ ಕಾರ್ನಿಯಾವನ್ನು ಒತ್ತಿ ಬಗ್ಗಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಸರಿಯಾಗಿ ಕೂತ ಲೆನ್ಸ್ ಕಾರ್ನಿಯಾದ ನಡುಭಾಗವನ್ನು ಮುಟ್ಟುವುದೇ ಇಲ್ಲ. ಎರಡರ ನಡುವೆ ಸುಮಾರು 5ರಿಂದ 10 ಮೈಕ್ರಾನ್‌ನಷ್ಟು ಕಣ್ಣೀರಿನ ತೆಳುಪದರ ಇರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಸುತ್ತಲಿನ ಕಡಿದಾದ ಬಳೆಯ ಕೆಳಗೆ ಕಣ್ಣೀರು ಇದಕ್ಕಿಂತ ಬಹಳ ದಪ್ಪವಾಗಿ ನಿಲ್ಲುತ್ತದೆ. ಈ ದಪ್ಪದ ವ್ಯತ್ಯಾಸದಿಂದ ಹುಟ್ಟುವ ದ್ರವದ ಬಲ ನಡುವೆ ತಳ್ಳುತ್ತದೆ, ಬಳೆಯ ಕಡೆಗೆ ಸೆಳೆಯುತ್ತದೆ. ರಾತ್ರಿಯಿಡೀ ಹೀಗಾದಾಗ ಕಾರ್ನಿಯಾದ ಮೇಲ್ಪದರವಾದ ಎಪಿಥೀಲಿಯಂ ನಡುವೆ ತೆಳುವಾಗುತ್ತದೆ, ಬಳೆಯ ಕೆಳಗೆ ಕಾರ್ನಿಯಾ ದಪ್ಪವಾಗುತ್ತದೆ.

ಈ ಮೇಲ್ಪದರದ ಒಟ್ಟು ದಪ್ಪ ಸುಮಾರು 50 ಮೈಕ್ರಾನ್. ಚಿಕಿತ್ಸೆಯ ಮಿತಿಯೂ ಇಲ್ಲಿಯೇ ನಿಗದಿಯಾಗುತ್ತದೆ. ಲೇಸರ್ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಸೂತ್ರದ ಪ್ರಕಾರ 6 ಮಿ.ಮೀ. ಅಗಲದ ವಲಯದಲ್ಲಿ ಒಂದು ಡಯಾಪ್ಟರ್ ತಿದ್ದಲು ನಡುವೆ ಸುಮಾರು 12 ಮೈಕ್ರಾನ್ ತಗ್ಗಬೇಕು. 4 ಡಯಾಪ್ಟರ್‌ಗೆ 48 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಇಡೀ ಮೇಲ್ಪದರವೇ ಬೇಕಾಗುತ್ತದೆ! ಅದು ಆಗುವ ಮಾತಲ್ಲ. ವಾಸ್ತವದಲ್ಲಿ ತಿದ್ದುವ ಪವರ್ ಹೆಚ್ಚಿದಂತೆ ಚಪ್ಪಟೆಯಾಗುವ ವಲಯ ಕಿರಿದಾಗುತ್ತದೆ. ಅಮೆರಿಕದ ಒಪ್ಪಿಗೆ 6 ಡಯಾಪ್ಟರ್‌ವರೆಗೆ ಇದ್ದರೂ ಅನುಭವಿಗಳು ಮಕ್ಕಳಲ್ಲಿ ಸುಮಾರು 4 ಡಯಾಪ್ಟರ್‌ಗೆ ನಿಲ್ಲಿಸಲು ಇಷ್ಟಪಡುವುದು ಈ ಕಾರಣಕ್ಕೆ. ಅದಕ್ಕಿಂತ ಹೆಚ್ಚು ಪವರ್ ಇರುವ ಮಗುವಿಗೆ ಒಂದಷ್ಟನ್ನು ಲೆನ್ಸ್‌ನಿಂದ ತಿದ್ದಿ, ಉಳಿದದ್ದಕ್ಕೆ ಹಗಲಲ್ಲಿ ತೆಳು ಕನ್ನಡಕ ಕೊಡುವ ರೂಢಿಯೂ ಇದೆ.

ಕಣ್ಣಿನ ಬೆಳವಣಿಗೆ ನಿಧಾನವಾಗುವುದಕ್ಕೆ ಹೆಚ್ಚಾಗಿ ಒಪ್ಪಿರುವ ವಿವರಣೆ ಆ ದಪ್ಪ ಬಳೆಯನ್ನು ಆಧರಿಸಿದೆ. ನಡುವಿನ ಬೆಳಕು ರೆಟಿನಾದ ಮೇಲೆ ಸರಿಯಾಗಿ ಕೂಡುತ್ತದೆ. ಬಳೆಯ ಮೂಲಕ ಹಾಯ್ದ ಬೆಳಕು ರೆಟಿನಾದ ಅಂಚಿನಲ್ಲಿ ಅದರ ಮುಂದೆಯೇ ಕೂಡುತ್ತದೆ. ಅಂಚಿನ ಈ ಮಸುಕು ಕಣ್ಣಿಗೆ ಇನ್ನು ಉದ್ದವಾಗಬೇಡ ಎಂಬ ಸೂಚನೆಯಾಗಿ ಕೆಲಸಮಾಡುತ್ತದೆ ಎಂದು ಭಾವಿಸಲಾಗಿದೆ. ಹಾಂಗ್‌ಕಾಂಗ್‌ನಲ್ಲಿ ಪಾಲಿನ್ ಚೋ ಮತ್ತು ಸಂಗಡಿಗರು 6ರಿಂದ 10 ವರ್ಷದ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಎರಡು ವರ್ಷ ಗಮನಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕನ್ನಡಕದ ಮಕ್ಕಳ ಕಣ್ಣು ಸರಾಸರಿ 0.63 ಮಿ.ಮೀ. ಉದ್ದವಾದರೆ ರಾತ್ರಿಯ ಲೆನ್ಸ್‌ನ ಮಕ್ಕಳಲ್ಲಿ ಅದು 0.36 ಮಿ.ಮೀ. ಮಾತ್ರ. ಈ ವ್ಯತ್ಯಾಸ ಪವರ್‌ನ ಲೆಕ್ಕದಲ್ಲಿ ಎರಡು ವರ್ಷಕ್ಕೆ ಸುಮಾರು ಮುಕ್ಕಾಲು ಡಯಾಪ್ಟರ್‌ನೊಳಗೆ ಬರುತ್ತದೆ. ಲಾಭ ನಿಜವಾದದ್ದು, ಆದರೆ ಸಾಧಾರಣ ಪ್ರಮಾಣದ್ದು. ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಪಾಯವನ್ನು ತೂಗಬೇಕು.

ಯಾವ ಮಗುವಿಗೆ ಬೇಡ

ಪವರ್ ಮೈನಸ್ ಒಂದರಿಂದ ನಾಲ್ಕರೊಳಗೆ ಇದ್ದು, ಅಡ್ಡಪವರ್ (ಸಿಲಿಂಡರ್) ಒಂದೂವರೆಗಿಂತ ಕಡಿಮೆಯಿದ್ದು, ಕಣ್ಣು ಆರೋಗ್ಯವಾಗಿದ್ದರೆ ಮಗು ಅಳತೆಯ ದೃಷ್ಟಿಯಿಂದ ಅರ್ಹ. ಆದರೆ ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದು: ಮಗು ಕಣ್ಣುಜ್ಜುತ್ತದೆಯೇ? ಭಾರತದ ಬಿಸಿ, ಧೂಳಿನ ಹವೆಯಲ್ಲಿ ಮಕ್ಕಳ ಅಲರ್ಜಿ ಕಣ್ಣುರಿ ಬಹಳ ಸಾಮಾನ್ಯ. ಬೇಸಿಗೆಯಲ್ಲಿ ಕಣ್ಣು ಕೆಂಪಾಗಿ, ತುರಿಸಿ, ಎಳೆಎಳೆಯಾದ ಬಿಳಿ ಪಿಸುರು ಬರುವ ಮಗುವಿಗೆ ಲೆನ್ಸ್ ಹಾಕಿದರೆ ಅದರ ಮೇಲೆ ಲೋಳೆ ಕಟ್ಟುತ್ತದೆ, ರೆಪ್ಪೆಯ ಒಳಗಿನ ಗಂಟುಗಳು ಹೆಚ್ಚುತ್ತವೆ. ಬಲವಾಗಿ ಉಜ್ಜುವ ಅಭ್ಯಾಸಕ್ಕೂ, ಕಾರ್ನಿಯಾ ತೆಳುವಾಗಿ ಮೊನೆಯಾಗುವ ಕೆರಟೊಕೋನಸ್ ಕಾಯಿಲೆಗೂ ನಂಟಿದೆ. ಮೊನೆಯಾಗತೊಡಗಿದ ಕಾರ್ನಿಯಾಕ್ಕೆ ಈ ಲೆನ್ಸ್ ಕೂಡದು. ಮೊದಲ ಹಂತದ ಕೆರಟೊಕೋನಸ್ ಬರಿಗಣ್ಣಿಗೆ ಕಾಣುವುದಿಲ್ಲ, ಕನ್ನಡಕದ ಪರೀಕ್ಷೆಯಲ್ಲೂ ತಪ್ಪಿಹೋಗಬಹುದು. ಆದ್ದರಿಂದ ಕಾರ್ನಿಯಾದ ಮೇಲ್ಮೈ ನಕ್ಷೆ ತೆಗೆಯುವ ಟೊಪೊಗ್ರಫಿ ಯಂತ್ರವಿಲ್ಲದ ಕಡೆ ಆರ್ಥೋ-ಕೆ ಶುರುಮಾಡಲೇಬಾರದು.

ಇನ್ನೊಂದು ಅರ್ಹತೆ ಮನೆಯದು. ಪ್ರತಿ ರಾತ್ರಿ, ಪ್ರತಿ ಬೆಳಿಗ್ಗೆ ಒಬ್ಬ ದೊಡ್ಡವರು ಕೈತೊಳೆದು ಮಗುವಿನ ಪಕ್ಕದಲ್ಲಿ ನಿಲ್ಲಬೇಕು. ಅಪ್ಪ ಅಮ್ಮ ಇಬ್ಬರೂ ರಾತ್ರಿ ಪಾಳಿಗೆ ಹೋಗುವ ಮನೆಯಲ್ಲಿ, ಮಗು ವಾರಕ್ಕೆ ಮೂರು ರಾತ್ರಿ ಅಜ್ಜಿಯ ಮನೆಯಲ್ಲಿ ಮಲಗುವ ಮನೆಯಲ್ಲಿ ಇದು ನಡೆಯುವುದು ಕಷ್ಟ. ಅಂಥ ಮಗುವಿಗೆ ಕಡಿಮೆ ಸಾಂದ್ರತೆಯ ಅಟ್ರೊಪಿನ್ ಹನಿ ಅಥವಾ ಸಮೀಪದೃಷ್ಟಿಯನ್ನು ತಡೆಯುವ ವಿಶೇಷ ಕನ್ನಡಕ ಹೆಚ್ಚು ಸುರಕ್ಷಿತ. ಇದನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳುವುದು ವೈದ್ಯರ ಹೊಣೆ.

ಅಳತೆ ಮತ್ತು ಹೊಂದಿಕೆ: ಒಂದು ಲೆಕ್ಕ

ಒಂಬತ್ತು ವರ್ಷದ ಬಾಲಕಿಯೊಬ್ಬಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪಾಪೆ ಹಿಗ್ಗಿಸುವ ಹನಿ ಹಾಕಿ ಪರೀಕ್ಷಿಸಿದಾಗ ಬಲಗಣ್ಣಿನ ಪವರ್ ಮೈನಸ್ 2.75. ಹನಿ ಹಾಕದೆ ನೋಡಿದರೆ ಮಕ್ಕಳ ಕಣ್ಣು ಹತ್ತಿರಕ್ಕೆ ಬಿಗಿದುಕೊಂಡು ಪವರ್ ಹೆಚ್ಚಾಗಿ ತೋರುತ್ತದೆ. ಕಾರ್ನಿಯಾದ ಚಪ್ಪಟೆ ದಿಕ್ಕಿನ ಬಾಗು 43.00 ಡಯಾಪ್ಟರ್, ಕಡಿದಾದ ದಿಕ್ಕಿನದು 43.75. ಕಾರ್ನಿಯಾದ ಅಡ್ಡಗಲ 11.6 ಮಿ.ಮೀ. ಕಣ್ಣಿನ ಉದ್ದ 24.40 ಮಿ.ಮೀ.

ಲೆನ್ಸ್‌ನ ನಡುಬಾಗಿನ ಲೆಕ್ಕ ಸರಳ. ತಿದ್ದಬೇಕಾದದ್ದು 2.75. ಹಗಲಿಡೀ ಆಕಾರ ಸ್ವಲ್ಪ ಸ್ವಲ್ಪ ಮರಳುವುದರಿಂದ ಸಂಜೆಯವರೆಗೂ ದೃಷ್ಟಿ ಉಳಿಯಲು 0.75 ಹೆಚ್ಚುವರಿ ಸೇರಿಸುತ್ತಾರೆ. ಇದನ್ನು ಜೆಸ್ಸೆನ್ ಅಂಶ ಎನ್ನುವುದುಂಟು. ಒಟ್ಟು 3.50. ಚಪ್ಪಟೆ ದಿಕ್ಕಿನ 43.00ರಿಂದ ಇದನ್ನು ಕಳೆದರೆ 39.50. ಬಾಗನ್ನು ತ್ರಿಜ್ಯಕ್ಕೆ ತಿರುಗಿಸುವ ಸಂಖ್ಯೆ 337.5. ಅದನ್ನು 39.50ರಿಂದ ಭಾಗಿಸಿದರೆ 8.54 ಮಿ.ಮೀ. ಇದೇ ನಡುವಲಯದ ತ್ರಿಜ್ಯ. ಕಾರ್ನಿಯಾದ್ದು 7.85 ಮಿ.ಮೀ. ಇದ್ದುದರಿಂದ ಲೆನ್ಸ್ ಅದಕ್ಕಿಂತ ಸಾಕಷ್ಟು ಚಪ್ಪಟೆ. ಲೆನ್ಸ್ ಧರಿಸಿದಾಗ ಕಣ್ಣೀರಿನ ಪದರವೇ ಮೈನಸ್ 3.50ರಷ್ಟು ಕೆಲಸ ಮಾಡುತ್ತದೆ. ಹಾಗಾಗಿ ಲೆನ್ಸ್‌ಗೆ ಪ್ಲಸ್ 0.75 ಪವರ್ ಇಟ್ಟರೆ ಅದು ಕಣ್ಣಲ್ಲಿರುವಾಗಲೂ ಮಗುವಿಗೆ ದೂರ ತಿಳಿಯಾಗಿ ಕಾಣುತ್ತದೆ, ರಾತ್ರಿ ಎದ್ದು ಬಚ್ಚಲಿಗೆ ಹೋಗಲು ತೊಂದರೆಯಿಲ್ಲ. ಒಟ್ಟು ವ್ಯಾಸ ಕಾರ್ನಿಯಾದ ಅಗಲಕ್ಕಿಂತ ತುಸು ಕಡಿಮೆ, ಇಲ್ಲಿ 10.8 ಮಿ.ಮೀ.

ಪವರ್ ನಡುವಲಯದಿಂದ ಬರುತ್ತದೆ, ಲೆನ್ಸ್ ನಡುವೆ ನಿಲ್ಲುವುದು ಅದರ ಹೊರಗಿನ ಹೊಂದಾಣಿಕೆ ವಲಯದಿಂದ. ಈ ವಲಯ ಕಾರ್ನಿಯಾದ ಅಂಚಿನ ಬಾಗಿಗೆ ಸಮಾನಾಂತರವಾಗಿ ಕೂರಬೇಕು. ಪರೀಕ್ಷಿಸಲು ಫ್ಲೋರೆಸಿನ್ ಬಣ್ಣ ಮುಟ್ಟಿಸಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ನಡುವೆ ಸುಮಾರು 4 ಮಿ.ಮೀ. ಕಪ್ಪು ವೃತ್ತ, ಸುತ್ತ ಹೊಳೆಯುವ ಹಸಿರು ಬಳೆ, ಮತ್ತೆ ಕಪ್ಪು ವಲಯ, ಕೊನೆಗೆ ತೆಳು ಹಸಿರು ಅಂಚು ಕಂಡರೆ ಸರಿ. ಬಣ್ಣ ತೀರಾ ತೆಳುವಾದ ಪದರವನ್ನು ತೋರಿಸಲಾರದ್ದರಿಂದ ನಡುವೆ ಕಪ್ಪು ಕಂಡಮಾತ್ರಕ್ಕೆ ಮುಟ್ಟಿದೆ ಎಂದಲ್ಲ. ಆದರೆ ಎಚ್ಚರವಿದ್ದಾಗ ಚೆನ್ನಾಗಿ ಕೂತ ಲೆನ್ಸ್ ಮುಚ್ಚಿದ ರೆಪ್ಪೆಯ ಕೆಳಗೆ ಎಲ್ಲಿಗೆ ಹೋಯಿತೆಂದು ಹೇಳುವುದು ಬೆಳಗಿನ ನಕ್ಷೆ ಮಾತ್ರ. ಲೆನ್ಸ್ ಹಾಕುವ ಮೊದಲಿನ ನಕ್ಷೆಯನ್ನು ಬೆಳಗಿನದರಿಂದ ಕಳೆದರೆ ವ್ಯತ್ಯಾಸದ ಚಿತ್ರ ಬರುತ್ತದೆ. ನಡುವಿನ ಚಪ್ಪಟೆ ವೃತ್ತಕ್ಕೆ ಸುತ್ತ ಪೂರ್ಣ ಬಳೆಯಿದ್ದರೆ ಅದು ಗುರಿವೃತ್ತ, ಲೆನ್ಸ್ ಸರಿಯಾಗಿ ನಡುವೆ ಕೂತಿತ್ತು ಎಂಬುದರ ಗುರುತು. ಲೆನ್ಸ್ ಮೇಲಕ್ಕೆ ಸರಿದಿದ್ದರೆ ಕಡಿದಾದ ಕಮಾನು ಕೆಳಗೆ ಮಾತ್ರ ಉಳಿದು ನಗುಮುಖದಂತೆ ಕಾಣುತ್ತದೆ. ಲೆನ್ಸ್ ಒಟ್ಟಿನಲ್ಲಿ ಸಡಿಲವೆಂದು ಇದರ ಅರ್ಥ. ನಡುವೆಯೇ ಒಂದು ಉಬ್ಬು ಉಳಿದಿದ್ದರೆ ಅದು ದ್ವೀಪ, ಲೆನ್ಸ್ ಬಿಗಿಯಾಗಿ ಮೇಲೆದ್ದು ನಿಂತಿದೆ ಎಂಬುದರ ಗುರುತು.

ನಮ್ಮ ಬಾಲಕಿಯ ಮೊದಲ ಬೆಳಗಿನ ನಕ್ಷೆಯಲ್ಲಿ ನಗುಮುಖ ಬಂತೆನ್ನೋಣ. ಪವರ್ ಮೈನಸ್ 1.00ಕ್ಕೆ ಇಳಿದಿದೆ, ಕಾರ್ನಿಯಾದ ಮೇಲೆ ಗೀರಿಲ್ಲ. ಒಂದೇ ರಾತ್ರಿಯ ಚಿತ್ರಕ್ಕೆ ಲೆನ್ಸ್ ಬದಲಿಸುವುದು ಅವಸರ. ವಾರದ ನಂತರವೂ ಅದೇ ನಗುಮುಖ ಇದ್ದರೆ, ಓದಿದ ಅಕ್ಷರಕ್ಕೆ ನೆರಳು ಕಾಣುತ್ತದೆಂದು ಬಾಲಕಿ ಹೇಳಿದರೆ ಆಗ ತಿದ್ದಬೇಕು. ಹೊಸಬರು ಇಲ್ಲಿ ನಡುವಲಯವನ್ನು ಕಡಿದು ಮಾಡಲು ಹೋಗುತ್ತಾರೆ. ಅದರಿಂದ ತಿದ್ದುವ ಪವರೇ ಕಡಿಮೆಯಾಗುತ್ತದೆ. ಬದಲಿಸಬೇಕಾದದ್ದು ಹೊಂದಾಣಿಕೆ ವಲಯವನ್ನು. ಅದನ್ನು ಒಂದು ಹೆಜ್ಜೆ ಬಿಗಿಮಾಡಿ, ನಡುವಿನ 8.54 ಹಾಗೆಯೇ ಉಳಿಸಿ, ಹೊಸ ಲೆನ್ಸ್ ತರಿಸುತ್ತಾರೆ. ಅದನ್ನು ಹಾಕುವ ಮುನ್ನ ಕೆಲವು ದಿನ ಲೆನ್ಸ್ ನಿಲ್ಲಿಸಿ ನಕ್ಷೆ ಮೊದಲಿನಂತಾಗಲು ಬಿಡಬೇಕು. ಓರೆಯಾಗಿ ಬಾಗಿದ ಕಾರ್ನಿಯಾದ ಮೇಲೆ ಹೊಸ ಲೆನ್ಸ್ ಕೂಡ ಹಳೆಯ ಜಾಗಕ್ಕೇ ಜಾರುತ್ತದೆ.

ಮನೆಯ ಕೆಲಸ

ರಾತ್ರಿ ಸೋಪಿನಿಂದ ಕೈತೊಳೆದು, ನೂಲು ಬಿಡದ ಒಣ ಬಟ್ಟೆಯಲ್ಲಿ ಒರೆಸಿ, ಲೆನ್ಸ್‌ನ ಬಟ್ಟಲಿನಲ್ಲಿ ಸಂರಕ್ಷಕವಿಲ್ಲದ ಕಣ್ಣೀರಿನ ಹನಿ ತುಂಬಿಸಿ, ಮಗು ತಲೆ ತಗ್ಗಿಸಿದಾಗ ಹಾಕಬೇಕು. ಗಾಳಿಗುಳ್ಳೆ ಸಿಕ್ಕಿಕೊಂಡರೆ ತೆಗೆದು ಮತ್ತೆ ಹಾಕಬೇಕು. ನಿದ್ದೆ ಎಂಟು ಗಂಟೆಯಾದರೂ ಇರಲಿ. ಬೆಳಿಗ್ಗೆ ಎದ್ದ ಕೂಡಲೇ ಲೆನ್ಸ್ ಕೀಳುವುದು ದೊಡ್ಡ ತಪ್ಪು. ಎಷ್ಟೋ ಬಾರಿ ಅದು ಕಾರ್ನಿಯಾಕ್ಕೆ ಅಂಟಿಕೊಂಡಿರುತ್ತದೆ. ಹನಿ ಹಾಕಿ, ಕೆಲವು ನಿಮಿಷ ಕಣ್ಣು ಮಿಟುಕಿಸಲು ಹೇಳಿ, ಕೆಳರೆಪ್ಪೆಯ ಮೂಲಕ ಬಿಳಿಭಾಗವನ್ನು ಲೆನ್ಸ್‌ನ ಅಂಚಿನ ಬಳಿ ಮೆಲ್ಲಗೆ ಒತ್ತಿದರೆ ಅಂಟು ಬಿಡುತ್ತದೆ. ಲೆನ್ಸ್ ಮಿಟುಕಿಗೆ ಅಲುಗುವುದನ್ನು ಕಣ್ಣಾರೆ ನೋಡಿದ ಮೇಲಷ್ಟೆ ತೆಗೆಯಬೇಕು. ಅಂಟಿದ್ದನ್ನು ಎಳೆದರೆ ಮೇಲ್ಪದರ ಕಿತ್ತುಬರುತ್ತದೆ, ಸೋಂಕಿಗೆ ದಾರಿಯಾಗುವುದು ಆ ಗಾಯವೇ.

ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ನಲ್ಲಿಯ ನೀರು, ಬೋರ್‌ವೆಲ್ ನೀರು, ಕಾಯಿಸಿ ಆರಿಸಿದ ನೀರು, ಫಿಲ್ಟರ್ ನೀರು ಯಾವುದೂ ಲೆನ್ಸ್‌ಗಾಗಲಿ, ಅದರ ಡಬ್ಬಿಗಾಗಲಿ, ಲೆನ್ಸ್ ತೆಗೆಯುವ ಪುಟ್ಟ ರಬ್ಬರ್ ಹೀರುಕಕ್ಕಾಗಲಿ ತಾಗಬಾರದು. ಅಕಾಂತಮೀಬ ಎಂಬ ಏಕಕೋಶ ಜೀವಿ ಮನೆಯ ನೀರಿನಲ್ಲಿ, ಅದರಲ್ಲೂ ತೊಟ್ಟಿಯಲ್ಲಿ ನಿಂತ ನೀರಿನಲ್ಲಿ ಬದುಕುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗಿ ಬರುವ ನಮ್ಮ ಊರುಗಳ ನೀರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಲೆನ್ಸನ್ನು ಅದಕ್ಕೆಂದೇ ಇರುವ ದ್ರಾವಣದಲ್ಲಿ ಉಜ್ಜಿ, ತೊಳೆದು, ನೆನೆಹಾಕಬೇಕು. ಡಬ್ಬಿಯಲ್ಲಿ ಉಳಿದ ದ್ರಾವಣವನ್ನು ದಿನವೂ ಚೆಲ್ಲಬೇಕು. ಡಬ್ಬಿಯನ್ನು ಬೋರಲು ಒಣಗಿಸಿ, ತಿಂಗಳಿಗೊಮ್ಮೆ ಬದಲಿಸಬೇಕು. ಹೀರುಕವನ್ನು ಮರೆಯುವವರೇ ಹೆಚ್ಚು.

ಅಪಾಯಗಳು

ಕಾರ್ನಿಯಾದ ನಡುವೆ ತೆಳುಗೀರುಗಳು ಸಾಮಾನ್ಯ. ಬಣ್ಣ ಹಾಕಿದಾಗ ಚುಕ್ಕಿಗಳಾಗಿ ಕಾಣುತ್ತವೆ, ಬಹುಪಾಲು ದಿನದೊಳಗೆ ಮಾಯುತ್ತವೆ. ಒಟ್ಟೊಟ್ಟಾಗಿ ಸೇರಿದ ಚುಕ್ಕಿ ಕಂಡರೆ ಲೆನ್ಸ್ ನಿಲ್ಲಿಸಿ ಕಾರಣ ಹುಡುಕಬೇಕು: ಲೆನ್ಸ್‌ನ ಹಿಂಬದಿಯ ಜಿಡ್ಡು, ಅಂಟುವಿಕೆ, ದ್ರಾವಣದ ಅಲರ್ಜಿ ಅಥವಾ ತೀರಾ ಚಪ್ಪಟೆಯಾದ ನಡುವಲಯ. ತಿಂಗಳುಗಳ ನಂತರ ಮೇಲ್ಪದರದಲ್ಲಿ ಕಂದು ಬಣ್ಣದ ಕಬ್ಬಿಣದ ಗೆರೆ ಕಾಣಿಸಿಕೊಳ್ಳಬಹುದು. ಅದರಿಂದ ದೃಷ್ಟಿಗೆ ಹಾನಿಯಿಲ್ಲ. ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದು ಹಿಗ್ಗಿದ ಪಾಪೆ ಬಳೆಯವರೆಗೂ ತೆರೆದುಕೊಳ್ಳುವುದರಿಂದ.

ಭಯಪಡಬೇಕಾದದ್ದು ಕಾರ್ನಿಯಾದ ಹುಣ್ಣಿಗೆ. ಚೀನಾದಲ್ಲಿ 2000ದ ಸುಮಾರಿಗೆ ಕಟ್ಟುಪಾಡಿಲ್ಲದೆ ಹರಡಿದ ಆರ್ಥೋ-ಕೆಯಿಂದ ಹಲವು ಮಕ್ಕಳು ದೃಷ್ಟಿ ಕಳೆದುಕೊಂಡರು. ವರದಿಯಾದ ಪ್ರಕರಣಗಳಲ್ಲಿ ಸೂಡೊಮೊನಾಸ್ ಬ್ಯಾಕ್ಟೀರಿಯ ಮತ್ತು ಅಕಾಂತಮೀಬ ಮೇಲುಗೈ ಪಡೆದಿದ್ದವು. ನಿಯಮಬದ್ಧ ಬಳಕೆಯಲ್ಲಿ ಅಪಾಯ ಎಷ್ಟು? ಅಮೆರಿಕದಲ್ಲಿ ಮಾರ್ಕ್ ಬುಲಿಮೋರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಂದಾಜಿನಂತೆ 10,000 ಮಕ್ಕಳು ಒಂದು ವರ್ಷ ಧರಿಸಿದರೆ ಸುಮಾರು 14 ಪ್ರಕರಣ. ಆದರೆ ಈ ಅಂಕಿ ಕೇವಲ ಎರಡು ಪ್ರಕರಣಗಳಿಂದ ಬಂದದ್ದು, ನಿಜವಾದ ಸಂಖ್ಯೆ 2ರಿಂದ 50ರ ನಡುವೆ ಎಲ್ಲಾದರೂ ಇರಬಹುದು. ಇದನ್ನು ಪೋಷಕರಿಗೆ ಹೇಳುವಾಗ ವಿರಳ ಎನ್ನುವುದರ ಜೊತೆಗೆ, ಸಂಭವಿಸಿದರೆ ಕಣ್ಣಿನ ನಡುವೆಯೇ ಬಿಳಿ ಕಲೆ ಉಳಿಯಬಹುದು ಎಂಬುದನ್ನೂ ಹೇಳಬೇಕು.

ಗುರುತುಗಳು ಸ್ಪಷ್ಟ: ಲೆನ್ಸ್ ತೆಗೆದ ಮೇಲೂ ಕಡಿಮೆಯಾಗದ ನೋವು, ಕೆಂಪು, ನೀರು ಸುರಿಯುವುದು, ಬೆಳಕು ಸಹಿಸಲಾಗದಿರುವುದು, ಮಬ್ಬು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕಿ. ಸೂಡೊಮೊನಾಸ್ ಒಂದೆರಡು ದಿನಗಳಲ್ಲಿ ಕಾರ್ನಿಯಾವನ್ನು ಕರಗಿಸಬಲ್ಲದು, ಆದ್ದರಿಂದ ನಾಳೆ ನೋಡೋಣ ಎನ್ನುವಂತಿಲ್ಲ. ಅಕಾಂತಮೀಬ ನಿಧಾನ, ಆದರೆ ಕಣ್ಣಲ್ಲಿ ಕಾಣುವ ಬದಲಾವಣೆಗಿಂತ ನೋವು ಬಹಳ ಹೆಚ್ಚಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಇಳಿದು ಸೋಂಕು ಒಳಗೇ ಬೆಳೆಯುತ್ತದೆ. ಅದೇ ದಿನ ಕಾರ್ನಿಯಾ ತಜ್ಞರ ಬಳಿ ಹೋಗಬೇಕು. ಲೆನ್ಸ್, ಡಬ್ಬಿ, ದ್ರಾವಣ ಯಾವುದನ್ನೂ ತೊಳೆಯದೆ ಜೊತೆಗೊಯ್ಯಬೇಕು. ಹುಣ್ಣಿನಿಂದ ಕೆರೆದ ಮಾದರಿಯ ಜೊತೆಗೆ ಅವುಗಳ ಪರೀಕ್ಷೆಯೂ ರೋಗಾಣು ಯಾವುದೆಂದು ಹೇಳಬಲ್ಲದು. ಜ್ವರ, ನೆಗಡಿ ಅಥವಾ ಮದ್ರಾಸ್ ಐ ಇರುವ ರಾತ್ರಿಗಳಲ್ಲಿ ಲೆನ್ಸ್ ಹಾಕಬಾರದು.

ಮರುಭೇಟಿಗಳು

ಮೊದಲ ರಾತ್ರಿ ಕಳೆದ ಬೆಳಿಗ್ಗೆ, ಎದ್ದು ಎರಡು ಮೂರು ಗಂಟೆಯೊಳಗೆ, ಆದರೆ ಲೆನ್ಸ್ ಕಣ್ಣಲ್ಲಿಟ್ಟುಕೊಂಡೇ ಬರಲು ಹೇಳುವುದು ಒಳ್ಳೆಯದು. ಅಂಟಿದೆಯೇ, ಎಲ್ಲಿ ಕೂತಿದೆ ಎಂಬುದು ಆಗಷ್ಟೇ ಕಾಣುತ್ತದೆ. ನಂತರ ಒಂದು ವಾರ, ಎರಡು ವಾರ, ಒಂದು ತಿಂಗಳು, ಮೂರು ತಿಂಗಳು. ಆಮೇಲೆ ಲೆನ್ಸ್ ಬಳಸುವಷ್ಟು ಕಾಲ ಮೂರು ತಿಂಗಳಿಗೊಮ್ಮೆ, ಎಲ್ಲ ಸುಗಮವಾಗಿದ್ದರೂ ಆರು ತಿಂಗಳು ಮೀರದಂತೆ. ಮೊದಲ ವಾರ ಹಳೆಯ ಕನ್ನಡಕ ಹೆಚ್ಚಾಗುತ್ತದೆ, ಬರಿಗಣ್ಣು ಮಧ್ಯಾಹ್ನಕ್ಕೆ ಮಬ್ಬಾಗುತ್ತದೆ. ಕಡಿಮೆ ಪವರಿನ ತಾತ್ಕಾಲಿಕ ಕನ್ನಡಕ ಸಿದ್ಧವಿರಬೇಕು. ಸುಮಾರು ಹತ್ತು ದಿನಗಳಲ್ಲಿ ದೃಷ್ಟಿ ದಿನವಿಡೀ ನಿಲ್ಲುತ್ತದೆ. ಪ್ರತಿ ಭೇಟಿಯಲ್ಲೂ ದೃಷ್ಟಿ, ನಕ್ಷೆ, ಬಣ್ಣದ ಪರೀಕ್ಷೆ, ಲೆನ್ಸ್‌ನ ಮೇಲಿನ ಗೀರು ಮತ್ತು ಜಿಡ್ಡು ನೋಡುತ್ತಾರೆ. ಮಗು ಮತ್ತು ಪೋಷಕರಿಂದ ಲೆನ್ಸ್ ಹಾಕಿಸಿ ತೆಗೆಸಿ ನೋಡುವುದೂ ಪರೀಕ್ಷೆಯ ಭಾಗವೇ. ಆರು ತಿಂಗಳಾಗುವಷ್ಟರಲ್ಲಿ ಕೈತೊಳೆಯುವುದು ಸಡಿಲವಾಗಿರುತ್ತದೆ. ಲೆನ್ಸನ್ನು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ.

ಕಣ್ಣಿನ ಉದ್ದವನ್ನು ಆರು ತಿಂಗಳಿಗೊಮ್ಮೆ ಅಳೆಯದಿದ್ದರೆ ಚಿಕಿತ್ಸೆ ಫಲಿಸಿದೆಯೇ ಎಂದು ತಿಳಿಯುವ ದಾರಿಯೇ ಇಲ್ಲ. ಕಾರ್ನಿಯಾ ಬದಲಾಗಿರುವುದರಿಂದ ಪವರ್ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಬಾಲಕಿಯ ಕಣ್ಣು ಒಂದು ವರ್ಷದಲ್ಲಿ 24.40ರಿಂದ 24.55ಕ್ಕೆ ಬೆಳೆದರೆ ತೃಪ್ತಿಕರ. ಮುಂದಿನ ಆರೇ ತಿಂಗಳಲ್ಲಿ 24.70 ಆಯಿತೆನ್ನಿ. ಬೆಳಿಗ್ಗೆ ಅವಳು 6/6 ಸಾಲನ್ನು ಸಲೀಸಾಗಿ ಓದುತ್ತಲೇ ಇರಬಹುದು, ಮನೆಯವರಿಗೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. ಆದರೂ ಕಣ್ಣು ಹಿಡಿತ ತಪ್ಪಿದೆ. ಎಷ್ಟು ರಾತ್ರಿ ತಪ್ಪಿದೆ ಎಂದು ಕೇಳಿ, ನಕ್ಷೆ ನೋಡಿ, ಕಡಿಮೆ ಸಾಂದ್ರತೆಯ ಅಟ್ರೊಪಿನ್ ಸೇರಿಸುವುದನ್ನು ಯೋಚಿಸಬೇಕಾದ ಹಂತ ಅದು. ಮೊದಲ ತಿಂಗಳಲ್ಲಿ ಕಾರ್ನಿಯಾ ತೆಳುವಾದುದರಿಂದಲೇ ಉದ್ದ ಕೊಂಚ ಕಡಿಮೆ ತೋರುವುದುಂಟು. ಅದನ್ನು ಗುಣವೆಂದು ಎಣಿಸಬಾರದು.

ನಿಲ್ಲಿಸುವುದಕ್ಕೂ ಸಮಯವಿದೆ. ಹಾಂಗ್‌ಕಾಂಗ್‌ನ ಅದೇ ತಂಡ ಮುಂದೆ ನಡೆಸಿದ ಅಧ್ಯಯನದಲ್ಲಿ 14 ವರ್ಷಕ್ಕೆ ಅಥವಾ ಅದಕ್ಕೂ ಮುಂಚೆ ಲೆನ್ಸ್ ಬಿಟ್ಟ ಮಕ್ಕಳ ಕಣ್ಣು ವೇಗವಾಗಿ ಉದ್ದವಾಯಿತು, ಮತ್ತೆ ಹಾಕಿದಾಗ ನಿಧಾನವಾಯಿತು. ಆದ್ದರಿಂದ ಎರಡು ಸತತ ಅಳತೆಗಳಲ್ಲಿ ಬೆಳವಣಿಗೆ ಬಹುತೇಕ ನಿಂತಿದೆಯೆಂದು ಕಂಡ ಮೇಲೆ, ಹದಿಹರೆಯದ ನಡುವಿಗೆ, ಲೆನ್ಸ್ ಬಿಡಿಸಿ ನೋಡುತ್ತಾರೆ. ನಕ್ಷೆ ಸ್ಥಿರವಾಗಲು ಎರಡು ಮೂರು ವಾರ ಕಾದು ಹೊಸ ಕನ್ನಡಕದ ಪವರ್ ಬರೆಯುತ್ತಾರೆ. ಆರು ತಿಂಗಳ ನಂತರ ಉದ್ದವನ್ನು ಮತ್ತೆ ಅಳೆದು, ಬೆಳವಣಿಗೆ ಮರುಕಳಿಸಿದ್ದರೆ ಹೊಸ ಅಳತೆಯಿಂದ ಲೆನ್ಸ್ ಪುನಃ ಆರಂಭಿಸುತ್ತಾರೆ.